ಕಿಲೋಗೆ ಎಷ್ಟು ಬಿತ್ತು? ಆಮದು ಗೇರುಬೀಜದ ಲೆಕ್ಕ

ಆಮದು ಮಾಡಿಕೊಂಡ ಕಚ್ಚಾಮಾಲಿಗೆ ಎರಡು ಬೆಲೆಗಳಿರುತ್ತವೆ. ಒಂದು, ವಿದೇಶದ ಮಾರಾಟಗಾರ ಇನ್‌ವಾಯ್ಸಿನಲ್ಲಿ ಬರೆದ ಬೆಲೆ. ಇನ್ನೊಂದು, ಅದೇ ಮಾಲು ಹಡಗಿನಿಂದ ಇಳಿದು, ಸುಂಕ ಕಟ್ಟಿಸಿಕೊಂಡು, ಲಾರಿ ಹತ್ತಿ, ಕಾರ್ಖಾನೆಯ ಗೋದಾಮು ಸೇರುವ ಹೊತ್ತಿಗೆ ಆದ ಬೆಲೆ. ವ್ಯಾಪಾರದ ಮಾತಿನಲ್ಲಿ ಈ ಎರಡನೆಯದನ್ನು ಕೇಳುವ ಪ್ರಶ್ನೆ ಚಿಕ್ಕದು: ‘ಕಿಲೋಗೆ ಎಷ್ಟು ಬಿತ್ತು?’ ದಾಸ್ತಾನಿನ ಲೆಕ್ಕದಲ್ಲಿ ನಿಲ್ಲಬೇಕಾದದ್ದು ಈ ಬಿದ್ದ ಬೆಲೆಯೇ. ಆದರೆ ದಾರಿಯಲ್ಲಿ ಕೈಬಿಟ್ಟ ಪ್ರತಿಯೊಂದು ರೂಪಾಯಿಯೂ ಅದರೊಳಗೆ ಸೇರುವುದಿಲ್ಲ. ಯಾವುದು ಸೇರುತ್ತದೆ, ಯಾವುದು ಹೊರಗೆ ಉಳಿಯುತ್ತದೆ ಎಂಬಲ್ಲಿಯೇ ಹೆಚ್ಚಿನ ತಪ್ಪುಗಳು ಆಗುತ್ತವೆ.

ಕರ್ನಾಟಕದಲ್ಲಿ ಇದನ್ನು ನೋಡಲು ಕರಾವಳಿಯ ಗೇರುಬೀಜದ ಕಾರ್ಖಾನೆಗಳಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಕಾರ್ಖಾನೆಗಳಿಗೆ ಊರಿನ ಬೆಳೆ ಸಾಲುವುದಿಲ್ಲ. ಸಿಪ್ಪೆ ಸಹಿತವಾದ ಹಸಿ ಗೇರುಬೀಜ ಐವರಿ ಕೋಸ್ಟ್, ಘಾನಾ, ಬೆನಿನ್, ತಾಂಜಾನಿಯಾದಂಥ ಆಫ್ರಿಕಾದ ದೇಶಗಳಿಂದ ಸೆಣಬಿನ ಚೀಲಗಳಲ್ಲಿ ಬಂದು ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಇಳಿಯುತ್ತದೆ. ಇಲ್ಲಿ ಅದನ್ನು ಬೇಯಿಸಿ, ಒಡೆದು, ಪೊರೆ ಬಿಡಿಸಿ ತಿರುಳು ತೆಗೆಯುತ್ತಾರೆ. ತಿರುಳಿನ ವೆಚ್ಚದಲ್ಲಿ ಬಹುಪಾಲು ಹಸಿ ಬೀಜದ್ದೇ ಆದ್ದರಿಂದ, ಹಸಿ ಬೀಜದ ಲೆಕ್ಕ ಒಂದೆರಡು ರೂಪಾಯಿ ತಪ್ಪಿದರೂ ಮಾರುವ ದರವೇ ತಪ್ಪುತ್ತದೆ.

ಲೆಕ್ಕದ ನಿಯಮ ಹೊಸದೇನಲ್ಲ. ಭಾರತದ ಲೆಕ್ಕಪತ್ರ ಮಾನದಂಡಗಳಲ್ಲಿ ದಾಸ್ತಾನಿಗೆ ಸಂಬಂಧಿಸಿದ್ದು ಎಎಸ್ 2. ದೊಡ್ಡ ಕಂಪನಿಗಳಿಗೆ ಅನ್ವಯಿಸುವುದು ಇಂಡ್ ಎಎಸ್ 2. ಎರಡೂ ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು. ಖರೀದಿ ಬೆಲೆ, ಆಮದು ಸುಂಕ, ಸರ್ಕಾರದಿಂದ ವಾಪಸ್ ಸಿಗದ ಇತರ ತೆರಿಗೆಗಳು, ಸಾಗಣೆ, ಇಳಿಸುವ ಏರಿಸುವ ಖರ್ಚು, ಆ ಮಾಲನ್ನು ಕೊಳ್ಳಲೆಂದೇ ನೇರವಾಗಿ ಆದ ಉಳಿದ ಖರ್ಚು ಇವೆಲ್ಲ ದಾಸ್ತಾನಿನ ವೆಚ್ಚಕ್ಕೆ ಸೇರುತ್ತವೆ. ಮಾರಾಟಗಾರ ಕೊಟ್ಟ ರಿಯಾಯಿತಿ ಕಳೆಯುತ್ತದೆ. ಅಸಹಜ ನಷ್ಟ, ಆಡಳಿತ ಖರ್ಚು, ಮಾರಾಟದ ಖರ್ಚು ಸೇರುವುದಿಲ್ಲ. ಸಂಗ್ರಹಣೆಯ ಖರ್ಚಿನ ಬಗ್ಗೆ ಮಾತ್ರ ಮಾನದಂಡ ಸ್ವಲ್ಪ ಬಿಗಿ: ಉತ್ಪಾದನೆಯ ಒಂದು ಹಂತ ಮುಗಿದು ಮುಂದಿನದಕ್ಕೆ ಹೋಗುವ ಮೊದಲು ಮಾಲನ್ನು ಇಡಲೇಬೇಕಾದ ಸಂದರ್ಭ ಬಿಟ್ಟರೆ, ಇಟ್ಟುಕೊಂಡದ್ದರ ಖರ್ಚು ದಾಸ್ತಾನಿಗೆ ಸೇರದು. ಬಂದರಿನ ಬಾಡಿಗೆಯ ತಕರಾರು ಹುಟ್ಟುವುದು ಈ ಸಾಲಿನಿಂದಲೇ.

ಒಂದು ಕಾಲ್ಪನಿಕ ಕನ್‌ಸೈನ್‌ಮೆಂಟನ್ನು ತೆಗೆದುಕೊಂಡು ನೋಡಬಹುದು. ಕಾರ್ಕಳದ ಕಾರ್ಖಾನೆಯೊಂದು ಐವರಿ ಕೋಸ್ಟ್‌ನಿಂದ 80 ಟನ್ ಹಸಿ ಬೀಜ ತರಿಸುತ್ತದೆ. 80 ಕಿಲೋದ ಸಾವಿರ ಚೀಲ, ಐದು ಕಂಟೇನರ್. ಟನ್ನಿಗೆ 1,500 ಡಾಲರ್. ಹಡಗಿನ ಬಾಡಿಗೆ, ವಿಮೆ ಎರಡೂ ಸೇರಿದ ಸಿಐಎಫ್ ದರ. ಒಟ್ಟು 1,20,000 ಡಾಲರ್. ಇಲ್ಲಿ ಬರುವ ಡಾಲರ್ ದರ ಮತ್ತು ಬಂದರಿನ ಖರ್ಚುಗಳು ಲೆಕ್ಕ ತೋರಿಸಲು ಇಟ್ಟುಕೊಂಡ ಅಂಕಿಗಳು.

ಮೊದಲ ಎಡವು ಡಾಲರನ್ನು ರೂಪಾಯಿ ಮಾಡುವಲ್ಲಿಯೇ ಆಗುತ್ತದೆ. ಸಿಐಎಫ್ ಕರಾರಿನಲ್ಲಿ ಮಾಲು ಆ ಕಡೆಯ ಬಂದರಿನಲ್ಲಿ ಹಡಗು ಹತ್ತಿದಾಗಲೇ ಅದರ ಹೊಣೆ ಕೊಂಡವನದಾಗುತ್ತದೆ. ಹಾಗಾಗಿ ಖರೀದಿಯನ್ನು ಪುಸ್ತಕಕ್ಕೆ ತರುವುದು ಆ ದಿನದ ವಿನಿಮಯ ದರದಲ್ಲಿ. ಅಂದು ಡಾಲರಿಗೆ 84 ರೂಪಾಯಿ ಇತ್ತು ಎಂದುಕೊಂಡರೆ ಖರೀದಿ ಬೆಲೆ 1,00,80,000 ರೂಪಾಯಿ. ಮುಂಗಡ ಕೊಟ್ಟಿದ್ದರೆ ಅಷ್ಟು ಭಾಗಕ್ಕೆ ಮುಂಗಡ ಕೊಟ್ಟ ದಿನದ ದರವೇ ನಿಲ್ಲುತ್ತದೆ. ಆದರೆ ಕಸ್ಟಮ್ಸ್ ಇಲಾಖೆ ಸುಂಕ ಹಾಕುವಾಗ ಬ್ಯಾಂಕಿನ ದರವನ್ನಾಗಲೀ ವ್ಯಾಪಾರಿಯ ಪುಸ್ತಕದ ದರವನ್ನಾಗಲೀ ನೋಡುವುದಿಲ್ಲ. ಅದಕ್ಕೆ ಕೇಂದ್ರ ಪರೋಕ್ಷ ತೆರಿಗೆ ಮತ್ತು ಸೀಮಾಸುಂಕ ಮಂಡಳಿ ಕಾಲಕಾಲಕ್ಕೆ ಪ್ರಕಟಿಸುವ ಪ್ರತ್ಯೇಕ ದರವಿದೆ. ಬಿಲ್ ಆಫ್ ಎಂಟ್ರಿ ಸಲ್ಲಿಸಿದ ದಿನ ಆ ದರ 85 ಇದ್ದರೆ ಸುಂಕಕ್ಕೆ ಹಿಡಿಯುವ ಮೌಲ್ಯ 1,02,00,000 ರೂಪಾಯಿ.

ಒಂದೇ ಮಾಲಿಗೆ ಎರಡು ಮೌಲ್ಯಗಳು. ನಡುವೆ 1,20,000 ರೂಪಾಯಿ ಅಂತರ. ಲೆಕ್ಕ ಬರೆಯುವವರು ಬಿಲ್ ಆಫ್ ಎಂಟ್ರಿಯನ್ನು ಎದುರಿಗಿಟ್ಟುಕೊಂಡು ಅದರ ಮೌಲ್ಯವನ್ನೇ ಖರೀದಿ ಎಂದು ಬರೆದುಬಿಡುವುದುಂಟು. ಸರ್ಕಾರದ ಮೊಹರು ಬಿದ್ದ ಕಾಗದ ಎಂಬ ಗೌರವ ಅದಕ್ಕೆ ಕಾರಣವಿರಬೇಕು. ಆಗ ದಾಸ್ತಾನಿನ ಬೆಲೆ ಸುಮ್ಮನೆ ಏರುತ್ತದೆ, ಮಾರಾಟಗಾರನ ಖಾತೆ ಎಂದೂ ತಾಳೆಯಾಗುವುದಿಲ್ಲ. ಬಿಲ್ ಆಫ್ ಎಂಟ್ರಿಯಿಂದ ಪುಸ್ತಕಕ್ಕೆ ಬರಬೇಕಾದದ್ದು ಸುಂಕ ಮತ್ತು ತೆರಿಗೆಯ ಮೊತ್ತ ಮಾತ್ರ. ಖರೀದಿ ಬೆಲೆ ಬರುವುದು ಇನ್‌ವಾಯ್ಸಿನಿಂದ.

ಮೂರು ತಿಂಗಳ ಬಳಿಕ ಬ್ಯಾಂಕ್ ಮೂಲಕ ಹಣ ಕಳಿಸುವಾಗ ಡಾಲರ್ 85 ರೂಪಾಯಿ 50 ಪೈಸೆ ಆಗಿದ್ದರೆ ಕೈಯಿಂದ 1,80,000 ರೂಪಾಯಿ ಹೆಚ್ಚು ಹೋಗುತ್ತದೆ. ಅದನ್ನು ಬೀಜದ ವೆಚ್ಚಕ್ಕೆ ಸೇರಿಸುವಂತಿಲ್ಲ. ಅದು ವಿನಿಮಯ ನಷ್ಟವಾಗಿ ನೇರ ಲಾಭನಷ್ಟದ ಪಟ್ಟಿಗೆ ಹೋಗುತ್ತದೆ. ಬೀಜ ಕೊಂಡದ್ದು ಮುಗಿದ ವ್ಯವಹಾರ. ಹಣವನ್ನು ಮೂರು ತಿಂಗಳು ತಡವಾಗಿ ಕೊಡುವುದು ಬೇರೆಯೇ ತೀರ್ಮಾನ, ಅದರ ಲಾಭ ನಷ್ಟವೂ ಬೇರೆ.

ಇನ್ನು ಸುಂಕ. ಸಿಪ್ಪೆ ಸಹಿತ ಗೇರುಬೀಜದ ಮೂಲ ಸೀಮಾಸುಂಕವನ್ನು 2018ರ ಕೇಂದ್ರ ಬಜೆಟ್ಟಿನಲ್ಲಿ ಶೇ. 5ರಿಂದ ಶೇ. 2.5ಕ್ಕೆ ಇಳಿಸಲಾಯಿತು. ಅದೇ ಬಜೆಟ್ ಹಳೆಯ ಶಿಕ್ಷಣ ಸೆಸ್ಸನ್ನು ತೆಗೆದು, ಸುಂಕದ ಮೇಲೆ ಶೇ. 10ರ ಸಮಾಜ ಕಲ್ಯಾಣ ಸರ್ಚಾರ್ಜನ್ನು ತಂದಿತು. ಸುಂಕದ ದರಗಳು ಅಧಿಸೂಚನೆಯಿಂದ ಬದಲಾಗುವಂಥವು. ಬಿಲ್ ಆಫ್ ಎಂಟ್ರಿಯ ದಿನ ಜಾರಿಯಲ್ಲಿರುವ ದರವೇ ಲೆಕ್ಕಕ್ಕೆ. ಈ ದರಗಳನ್ನೇ ಹಿಡಿದರೆ 1,02,00,000ರ ಮೇಲೆ ಮೂಲ ಸುಂಕ 2,55,000, ಅದರ ಮೇಲೆ ಸರ್ಚಾರ್ಜ್ 25,500. ಒಟ್ಟು 2,80,500 ರೂಪಾಯಿ. ದೇಶದೊಳಗೆ ಮಾರುವ ಮಾಲಿನ ಮಟ್ಟಿಗೆ ಇದು ಹಿಂದಿರುಗಿ ಬರುವ ಹಣವಲ್ಲ. ಹಾಗಾಗಿ ಪೂರ್ತಿ ಬೀಜದ ವೆಚ್ಚಕ್ಕೆ ಸೇರುತ್ತದೆ.

ಅದೇ ಬಿಲ್ ಆಫ್ ಎಂಟ್ರಿಯಲ್ಲಿ ಇದಕ್ಕಿಂತ ದೊಡ್ಡ ಇನ್ನೊಂದು ಮೊತ್ತವಿರುತ್ತದೆ: ಐಜಿಎಸ್‌ಟಿ. ಇದನ್ನು ಹಾಕುವುದು ಮೌಲ್ಯ ಮತ್ತು ಸುಂಕ ಎರಡನ್ನೂ ಕೂಡಿಸಿದ 1,04,80,500 ರೂಪಾಯಿಯ ಮೇಲೆ. ಶೇ. 5ರಂತೆ 5,24,025 ರೂಪಾಯಿ. ಬಂದರಿನಲ್ಲಿ ಸುಂಕದ ಜೊತೆಗೇ, ಒಂದೇ ಚಲನ್ನಿನಲ್ಲಿ ಕಟ್ಟುವುದರಿಂದ ಇದನ್ನೂ ಸುಂಕವೆಂದೇ ಬರೆಯುವವರಿದ್ದಾರೆ. ಆದರೆ ಜಿಎಸ್‌ಟಿ ನೋಂದಣಿಯಿರುವ ಕಾರ್ಖಾನೆ ಇದನ್ನು ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಆಗಿ ಪಡೆದು, ತಿರುಳು ಮಾರುವಾಗ ಕಟ್ಟಬೇಕಾದ ತೆರಿಗೆಯಲ್ಲಿ ಹೊಂದಿಸಿಕೊಳ್ಳುತ್ತದೆ. ಅದು ಸರ್ಕಾರದಿಂದ ಬರಬೇಕಾದ ಬಾಕಿಯೇ ಹೊರತು ಬೀಜದ ಬೆಲೆಯಲ್ಲ. ಕ್ರೆಡಿಟ್ ಪಡೆಯಲು ಹಕ್ಕಿಲ್ಲದ ವ್ಯಾಪಾರಿಗೆ, ಉದಾಹರಣೆಗೆ ಕಾಂಪೊಸಿಷನ್ ಯೋಜನೆಯಲ್ಲಿರುವವನಿಗೆ, ಅದೇ ಹಣ ಬೆಲೆಯ ಭಾಗವಾಗುತ್ತದೆ. ಒಂದೇ ತೆರಿಗೆ ಒಬ್ಬನಿಗೆ ವೆಚ್ಚ, ಇನ್ನೊಬ್ಬನಿಗೆ ಅಲ್ಲ. ನೋಡಬೇಕಾದದ್ದು ತೆರಿಗೆಯ ಹೆಸರನ್ನಲ್ಲ, ಅದು ಮರಳಿ ಬರುತ್ತದೆಯೇ ಎಂಬುದನ್ನು.

ಸುಂಕದ ಲೆಕ್ಕ ಸರ್ಕಾರದ ಕಾಗದದಲ್ಲಿ ಸ್ಪಷ್ಟವಾಗಿರುತ್ತದೆ. ಕ್ಲಿಯರಿಂಗ್ ಏಜೆಂಟರ ಬಿಲ್ಲಿಗೆ ಆ ಭಾಗ್ಯವಿಲ್ಲ. ಕಾನೂನಿನಲ್ಲಿ ಈಗ ಇವರ ಹೆಸರು ಕಸ್ಟಮ್ಸ್ ಬ್ರೋಕರ್ ಎಂದಾಗಿದೆಯಾದರೂ ಬಂದರಿನ ಸುತ್ತ ಹಳೆಯ ಹೆಸರು ಹೋಗಿಲ್ಲ. ಬಿಲ್ ಆಫ್ ಎಂಟ್ರಿ ಸಲ್ಲಿಸುವುದು, ಸಸ್ಯ ಸಂಗರೋಧ ಇಲಾಖೆಯ ತಪಾಸಣೆ ಮಾಡಿಸುವುದು, ಹಡಗಿನ ಕಂಪನಿಯಿಂದ ಡೆಲಿವರಿ ಆರ್ಡರ್ ಬಿಡಿಸುವುದು, ಕಂಟೇನರನ್ನು ಹೊರಗೆ ತರಿಸುವುದು ಎಲ್ಲ ಇವರ ಕೆಲಸ. ಕೆಲಸ ಮುಗಿದ ಮೇಲೆ ಇವರು ಕಳಿಸುವುದು ಒಂದು ಹಾಳೆಯ ಬಿಲ್ಲು, ಅದರ ಹಿಂದೆ ಪಿನ್ ಹಾಕಿದ ಹತ್ತಾರು ರಸೀದಿಗಳು.

ಆ ಹಾಳೆಯನ್ನು ಸಾಲುಸಾಲಾಗಿ ಓದಬೇಕು. ನಮ್ಮ ಉದಾಹರಣೆಯಲ್ಲಿ, ಜಿಎಸ್‌ಟಿ ಬಿಟ್ಟು, ಅದರಲ್ಲಿ ಹೀಗಿದೆ ಎಂದುಕೊಳ್ಳೋಣ: ಹಡಗಿನ ಕಂಪನಿಯ ಟರ್ಮಿನಲ್ ಮತ್ತು ಡೆಲಿವರಿ ಆರ್ಡರ್ ಶುಲ್ಕ 1,00,000, ಕಂಟೇನರ್ ಯಾರ್ಡಿನ ಇಳಿಕೆ, ತೂಕ ಮತ್ತು ಮಾಮೂಲಿ ದಿನಗಳ ನೆಲಬಾಡಿಗೆ 60,000, ಸಸ್ಯ ಸಂಗರೋಧ ಮತ್ತು ಧೂಪನ 15,000, ಏಜೆಂಟರ ಸ್ವಂತ ಶುಲ್ಕ 25,000, ಕಾರ್ಕಳಕ್ಕೆ ಲಾರಿ ಬಾಡಿಗೆ 50,000. ಒಟ್ಟು 2,50,000. ಇವೆಲ್ಲ ಈ ಮಾಲಿಗಾಗಿಯೇ ಆದ, ಆಗಲೇಬೇಕಾದ ಖರ್ಚುಗಳು. ಆದ್ದರಿಂದ ಎಲ್ಲವೂ ದಾಸ್ತಾನಿನ ವೆಚ್ಚ.

ಆದರೆ ಅದೇ ಹಾಳೆಯಲ್ಲಿ ಬೇರೆ ಸ್ವಭಾವದ ಸಾಲುಗಳೂ ಸೇರಿಕೊಂಡಿರುತ್ತವೆ. ಖಾಲಿ ಕಂಟೇನರನ್ನು ಹಿಂದಿರುಗಿಸುವವರೆಗೆ ಹಡಗಿನ ಕಂಪನಿ ಠೇವಣಿ ಇರಿಸಿಕೊಳ್ಳುವುದುಂಟು. ಏಜೆಂಟರು ಅದನ್ನು ತಮ್ಮ ಕೈಯಿಂದ ಕಟ್ಟಿ ಬಿಲ್ಲಿಗೆ ಸೇರಿಸುತ್ತಾರೆ. ಅದು ವಾಪಸ್ ಬರುವ ಹಣ, ವೆಚ್ಚವಲ್ಲ. ಇಡೀ ಬಿಲ್ಲನ್ನು ‘ಕ್ಲಿಯರಿಂಗ್ ಖರ್ಚು’ ಎಂದು ಒಂದೇ ಸಾಲಿನಲ್ಲಿ ಬರೆದ ಕಾರ್ಖಾನೆ ಆ ಠೇವಣಿಯನ್ನು ಮರೆತೇ ಬಿಡುವ ಸಾಧ್ಯತೆ ಹೆಚ್ಚು, ಏಕೆಂದರೆ ಕೇಳಲು ಪುಸ್ತಕದಲ್ಲಿ ಬಾಕಿಯೇ ಕಾಣುವುದಿಲ್ಲ. ಇನ್ನೊಂದು, ಹಿಂದೆ ಪಿನ್ ಹಾಕಿದ ರಸೀದಿಗಳು ಯಾರ ಹೆಸರಿನಲ್ಲಿವೆ ಎಂಬುದು. ಹಡಗಿನ ಕಂಪನಿಯ 1,00,000ದ ಮೇಲಿನ ಶೇ. 18ರ ಜಿಎಸ್‌ಟಿ 18,000 ರೂಪಾಯಿಗೆ ಕ್ರೆಡಿಟ್ ಸಿಗಬೇಕಾದರೆ ಆ ಇನ್‌ವಾಯ್ಸ್ ಕಾರ್ಖಾನೆಯ ಹೆಸರು ಮತ್ತು ಜಿಎಸ್‌ಟಿ ಸಂಖ್ಯೆಯಲ್ಲಿರಬೇಕು. ಏಜೆಂಟರ ಹೆಸರಿನಲ್ಲಿ ಬಿಲ್ಲಾಗಿ, ಅವರದನ್ನು ಬರೀ ‘ಮರುಪಾವತಿ’ ಎಂದು ದಾಟಿಸಿದರೆ ಆ ತೆರಿಗೆ ಅಲ್ಲೇ ಸೋರಿಹೋಗುತ್ತದೆ.

ಎಲ್ಲ ಸಾಲುಗಳ ಕೆಳಗೆ ಕೆಲವೊಮ್ಮೆ ರಸೀದಿಯಿಲ್ಲದ ‘ಸಂಡ್ರಿ’ ಎಂಬ ಒಂದು ಸಾಲು ಕೂತಿರುತ್ತದೆ. ಅದರೊಳಗೆ ಏನಿದೆ ಎಂದು ಏಜೆಂಟರು ಹೇಳಲಾರದಿದ್ದರೆ ಅದನ್ನು ದಾಸ್ತಾನಿಗೆ ಸೇರಿಸಲು ಆಧಾರವಿಲ್ಲ.

ಈಗ ಬಂದರಿನ ಬಾಡಿಗೆಗೆ ಬರಬಹುದು. ಮಾಲು ಇಳಿದ ಮೇಲೆ ಎರಡು ಗಡಿಯಾರಗಳು ಒಟ್ಟಿಗೆ ಓಡಲು ಶುರುವಾಗುತ್ತವೆ. ಒಂದು ಜಾಗದ್ದು: ಬಂದರು ಅಥವಾ ಯಾರ್ಡು ಕೆಲವು ದಿನ ಉಚಿತವಾಗಿ ಇಡಲು ಬಿಟ್ಟು, ಆಮೇಲೆ ದಿನಕ್ಕಿಷ್ಟು ಎಂದು ನೆಲಬಾಡಿಗೆ ಹಾಕುತ್ತದೆ, ದಿನ ಕಳೆದಂತೆ ದರವೂ ಏರುತ್ತದೆ. ಇನ್ನೊಂದು ಕಂಟೇನರಿನದು: ಪೆಟ್ಟಿಗೆ ಹಡಗಿನ ಕಂಪನಿಯದಾದ್ದರಿಂದ, ಕೊಟ್ಟ ದಿನಗಳೊಳಗೆ ಖಾಲಿ ಮಾಡಿ ಹಿಂದಿರುಗಿಸದಿದ್ದರೆ ಅವರು ಡಿಟೆನ್ಷನ್ ಹಾಕುತ್ತಾರೆ. ಪೇಟೆಯ ಮಾತಿನಲ್ಲಿ ಎರಡಕ್ಕೂ ಒಟ್ಟಿಗೆ ‘ಡೆಮರೇಜ್’ ಎಂದೇ ಹೆಸರು. ಬಿಲ್ಲುಗಳು ಮಾತ್ರ ಬೇರೆ ಬೇರೆ ಕಡೆಯಿಂದ ಬರುತ್ತವೆ.

ತಪಾಸಣೆ, ಧೂಪನ, ಸುಂಕ ಪಾವತಿ ಇವಕ್ಕೆ ಮಾಮೂಲಾಗಿ ಬೇಕಾಗುವ ನಾಲ್ಕಾರು ದಿನ ಮಾಲು ಬಂದರಿನಲ್ಲಿ ಇರಲೇಬೇಕು. ಆ ದಿನಗಳ ಬಾಡಿಗೆ ಮಾಲನ್ನು ‘ಇಟ್ಟುಕೊಂಡದ್ದರ’ ಖರ್ಚಲ್ಲ, ‘ತಂದದ್ದರ’ ಖರ್ಚು. ಅದು ವೆಚ್ಚಕ್ಕೆ ಸೇರುತ್ತದೆ. ಮೇಲಿನ 60,000ದಲ್ಲಿ ಅದು ಸೇರಿಯೇ ಇದೆ. ಅದರಾಚೆಯ ದಿನಗಳದ್ದು ಬೇರೆ ಕಥೆ.

ಇದೇ ಕನ್‌ಸೈನ್‌ಮೆಂಟಿನಲ್ಲಿ ಮೂಲ ದಾಖಲೆಗಳು ಬ್ಯಾಂಕಿನಲ್ಲಿ ಸಿಕ್ಕಿಕೊಂಡವು ಎಂದುಕೊಳ್ಳೋಣ. ಬಿಲ್ ಆಫ್ ಎಂಟ್ರಿಯನ್ನು ಹಡಗು ಬರುವ ಹಿಂದಿನ ದಿನ ಮುಗಿಯುವುದರೊಳಗೆ ಸಲ್ಲಿಸಬೇಕೆಂಬುದು 2021ರ ತಿದ್ದುಪಡಿಯ ನಂತರದ ನಿಯಮ. ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000, ಆಮೇಲೆ ದಿನಕ್ಕೆ 10,000 ರೂಪಾಯಿ ದಂಡಶುಲ್ಕ. ಸಕಾರಣವಿದ್ದರೆ ಅಧಿಕಾರಿ ಮನ್ನಾ ಮಾಡಬಹುದು. ಐದು ದಿನ ತಡವಾಗಿ, ಮನ್ನಾ ಸಿಗದಿದ್ದರೆ 35,000. ಉಚಿತ ದಿನಗಳು ಮುಗಿದು ಮತ್ತೆ ಹನ್ನೆರಡು ದಿನ ಐದು ಕಂಟೇನರ್‌ಗಳು ಕೂತವು. ಬಾಡಿಗೆ, ಡಿಟೆನ್ಷನ್ ಸೇರಿ ಕಂಟೇನರಿಗೆ ದಿನಕ್ಕೆ 2,500ರಂತೆ 1,50,000. ಒಟ್ಟು 1,85,000 ರೂಪಾಯಿ. ಇದರ ಮೇಲೆ, ಸುಂಕವನ್ನು ಗಡುವಿನೊಳಗೆ ಕಟ್ಟದಿದ್ದರೆ ವರ್ಷಕ್ಕೆ ಶೇ. 15ರಂತೆ ಬಡ್ಡಿಯೂ ಬರುತ್ತದೆ.

ಈ 1,85,000 ಬೀಜದ ವೆಚ್ಚವಲ್ಲ. ಹನ್ನೆರಡು ದಿನ ಹೆಚ್ಚು ಕೂತದ್ದರಿಂದ ಬೀಜಕ್ಕೆ ಏನೂ ಸೇರಲಿಲ್ಲ. ಸೆಕೆಗೆ ಚೀಲದೊಳಗೆ ಬೆವರಿ ಗುಣ ಸ್ವಲ್ಪ ಕೆಟ್ಟಿರಲೂಬಹುದು. ಅದೇ ದಿನ ಬಂದ, ಕಾಗದ ಸರಿಯಿದ್ದ ಪಕ್ಕದ ಕಾರ್ಖಾನೆಯ ಮಾಲಿಗೆ ಈ ಖರ್ಚು ಇಲ್ಲ. ಇದು ಅಸಹಜ ಖರ್ಚು, ಆದ ವರ್ಷದ ಲಾಭನಷ್ಟದ ಪಟ್ಟಿಗೇ ಹೋಗಬೇಕು.

ಸೇರಿಸಿದರೆ ಆಗುವ ತೊಂದರೆ ಏನು? ಮಾರ್ಚ್ 31ರಂದು ಈ ಬೀಜದಲ್ಲಿ ಅರ್ಧ ಇನ್ನೂ ಗೋದಾಮಿನಲ್ಲಿದೆ ಎಂದಿಟ್ಟುಕೊಂಡರೆ, ಡೆಮರೇಜಿನ ಅರ್ಧ, ಅಂದರೆ 92,500 ರೂಪಾಯಿ, ಆಸ್ತಿಯ ವೇಷದಲ್ಲಿ ಮುಂದಿನ ವರ್ಷಕ್ಕೆ ದಾಟುತ್ತದೆ. ಈ ವರ್ಷದ ಲಾಭ ಅಷ್ಟು ಹೆಚ್ಚಾಗಿ ಕಾಣುತ್ತದೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಹಾನಿಯಿದೆ. ಕಿಲೋ ದರದೊಳಗೆ ಕರಗಿಹೋದ ಡೆಮರೇಜನ್ನು ಮಾಲಿಕ ನೋಡುವುದೇ ಇಲ್ಲ. ಪ್ರತ್ಯೇಕ ಖಾತೆಯಲ್ಲಿ 1,85,000 ಎಂದು ಕಂಡರೆ, ಬ್ಯಾಂಕಿನಲ್ಲಿ ದಾಖಲೆ ಯಾಕೆ ನಿಂತಿತು ಎಂದು ಯಾರಾದರೂ ಕೇಳುತ್ತಾರೆ.

ಗೆರೆ ಎಲ್ಲಿ ಎಳೆಯಬೇಕು ಎಂಬುದಕ್ಕೆ ಮಾನದಂಡದಲ್ಲಿ ದಿನಗಳ ಎಣಿಕೆಯಿಲ್ಲ. ಕಾರ್ಖಾನೆಯ ಹಿಂದಿನ ಹತ್ತಿಪ್ಪತ್ತು ಕನ್‌ಸೈನ್‌ಮೆಂಟ್‌ಗಳು ಬಂದರಿನಿಂದ ಹೊರಬೀಳಲು ಎಷ್ಟು ದಿನ ತೆಗೆದುಕೊಂಡವು ಎಂದು ನೋಡುವುದು ನ್ಯಾಯವಾದ ಅಳತೆ. ಐದಾರು ದಿನ ಸಾಮಾನ್ಯವಾಗಿದ್ದಲ್ಲಿ ಹದಿನೆಂಟು ದಿನ ಅಸಹಜವೇ. ಪ್ರತಿ ಸಲವೂ ಹದಿನೆಂಟು ದಿನವೇ ಆಗುತ್ತಿದ್ದರೆ? ‘ನಮಗೆ ಇದೇ ಮಾಮೂಲು’ ಎಂಬ ವಾದ ಆಗ ಬರುತ್ತದೆ. ಆದರೆ ಪ್ರತಿ ಸಲ ಆಗುವ ಅಜಾಗರೂಕತೆ ಮಾಲು ತರಲು ಬೇಕೇಬೇಕಾದ ಖರ್ಚು ಆಗುವುದಿಲ್ಲ. ಲೆಕ್ಕಪರಿಶೋಧಕರು ಈ ವಾದವನ್ನು ಸುಲಭಕ್ಕೆ ಒಪ್ಪಲಾರರು. ಈಗಲೇ ಸುಂಕ ಕಟ್ಟುವುದು ಬೇಡವೆಂದು ಮಾಲಿಕನೇ ಮಾಲನ್ನು ತಿಂಗಳುಗಟ್ಟಲೆ ಬಾಂಡೆಡ್ ಗೋದಾಮಿನಲ್ಲಿ ಇರಿಸಿದರೆ ಆ ಬಾಡಿಗೆಯೂ ಹೊರಗೇ ಉಳಿಯಬೇಕು.

ಕಾರ್ಖಾನೆಯೊಳಗೂ ಇದೇ ಪ್ರಶ್ನೆ ಮತ್ತೊಮ್ಮೆ ಎದುರಾಗುತ್ತದೆ. ಪಶ್ಚಿಮ ಆಫ್ರಿಕಾದ ಬೀಜ ಬರುವುದು ವರ್ಷದ ಕೆಲವೇ ತಿಂಗಳು. ಒಡೆಯುವ ಕೆಲಸ ವರ್ಷವಿಡೀ. ಬಂದ ಬೀಜವನ್ನು ಅಂಗಳದಲ್ಲಿ ಹರಡಿ ಬಿಸಿಲಿಗೆ ಒಣಗಿಸಿ, ಚೀಲ ತುಂಬಿ ಪೇರಿಸುತ್ತಾರೆ. ಒಣಗಿಸುವ ಕೂಲಿ ಬೀಜವನ್ನು ಉತ್ಪಾದನೆಗೆ ಸಿದ್ಧ ಮಾಡುವ ಕೆಲಸ, ಅದು ವೆಚ್ಚಕ್ಕೆ ಸೇರುತ್ತದೆ. ಎಂಟು ತಿಂಗಳ ಗೋದಾಮು ಬಾಡಿಗೆ ಸೇರುವುದಿಲ್ಲ. ಬೀಜ ಹಣ್ಣಾಗಲೆಂದೋ ಹದವಾಗಲೆಂದೋ ಕಾಯುತ್ತಿಲ್ಲ, ತನ್ನ ಸರದಿಗಾಗಿ ಕಾಯುತ್ತಿದೆ ಅಷ್ಟೇ.

ಸೇರಬೇಕಾದದ್ದನ್ನೆಲ್ಲ ಕೂಡಿಸಿದರೆ: ಖರೀದಿ 1,00,80,000, ಸುಂಕ ಮತ್ತು ಸರ್ಚಾರ್ಜ್ 2,80,500, ಬಂದರಿನಿಂದ ಗೋದಾಮಿನವರೆಗಿನ ಖರ್ಚು 2,50,000. ಒಟ್ಟು 1,06,10,500 ರೂಪಾಯಿ. ಇದನ್ನು ಎಷ್ಟು ಕಿಲೋದಿಂದ ಭಾಗಿಸಬೇಕು? ಇನ್‌ವಾಯ್ಸಿನ 80,000ದಿಂದ ಅಲ್ಲ. ಹಡಗಿನಲ್ಲಿ ವಾರಗಟ್ಟಲೆ ಇದ್ದ ಬೀಜ ತೇವ ಕಳೆದುಕೊಳ್ಳುತ್ತದೆ, ತೂತು ಚೀಲಗಳಿಂದ ಒಂದಿಷ್ಟು ಉದುರುತ್ತದೆ. ಕಾರ್ಖಾನೆಯ ವೇಬ್ರಿಡ್ಜಿನಲ್ಲಿ 79,200 ಕಿಲೋ ತೂಗಿತು ಎಂದುಕೊಳ್ಳೋಣ. ನೂರಕ್ಕೆ ಒಂದರಷ್ಟರ ಈ ಕೊರತೆ ಈ ವ್ಯಾಪಾರದಲ್ಲಿ ಸಹಜ ಎಂದಾದರೆ, ಅದರ ಬೆಲೆಯನ್ನು ಉಳಿದ ಬೀಜವೇ ಹೊರಬೇಕು. 1,06,10,500ನ್ನು 79,200ರಿಂದ ಭಾಗಿಸಿದರೆ ಕಿಲೋಗೆ 133 ರೂಪಾಯಿ 97 ಪೈಸೆ. ಇನ್‌ವಾಯ್ಸಿನ ಲೆಕ್ಕದಲ್ಲಿ ಅದು 126 ಇತ್ತು. ಕಿಲೋಗೆ ಸುಮಾರು ಎಂಟು ರೂಪಾಯಿ ಹೆಚ್ಚು ಬಿತ್ತು. ಅದರಲ್ಲಿ ಒಂದು ರೂಪಾಯಿ ಮೂವತ್ತನಾಲ್ಕು ಪೈಸೆ ಬರೀ ತೂಕದ ಕೊರತೆಯದು.

ಎಂಟು ರೂಪಾಯಿ ದೊಡ್ಡದಲ್ಲ ಎನಿಸಬಹುದು. ತಿರುಳಿನ ಲೆಕ್ಕಕ್ಕೆ ಬಂದಾಗ ಅದು ಬೆಳೆಯುತ್ತದೆ. ಹಸಿ ಬೀಜದ ಗುಣವನ್ನು ವ್ಯಾಪಾರದಲ್ಲಿ ಔಟ್‌ಟರ್ನ್ ಎಂದು ಅಳೆಯುತ್ತಾರೆ, 80 ಕಿಲೋದ ಚೀಲದಿಂದ ಎಷ್ಟು ಪೌಂಡ್ ಒಳ್ಳೆಯ ತಿರುಳು ಸಿಗುತ್ತದೆ ಎಂದು. 48 ಪೌಂಡ್ ಎಂದರೆ ಹೆಚ್ಚುಕಡಿಮೆ ನೂರಕ್ಕೆ 27. 79,200 ಕಿಲೋ ಬೀಜದಿಂದ 21,384 ಕಿಲೋ ತಿರುಳು. ಹಾಗಾದರೆ ಒಂದು ಕಿಲೋ ತಿರುಳಿನಲ್ಲಿ ಹಸಿ ಬೀಜದ ವೆಚ್ಚವೇ 496 ರೂಪಾಯಿ. ಇನ್‌ವಾಯ್ಸಿನ 126 ರೂಪಾಯಿಯನ್ನೇ ನಂಬಿ ಕೂತವನ ಲೆಕ್ಕದಲ್ಲಿ ಅದು 467. ಬೇಯಿಸುವ, ಒಡೆಯುವ, ಪೊರೆ ತೆಗೆಯುವ ಕೂಲಿ ಇನ್ನೂ ಸೇರಿಲ್ಲ, ಆಗಲೇ ಕಿಲೋಗೆ 29 ರೂಪಾಯಿಗೂ ಮೇಲೆ ತಪ್ಪಿದೆ.

ತೂಕದ ಕೊರತೆಯಲ್ಲೂ ಸಹಜ, ಅಸಹಜ ಎಂಬ ಭೇದವಿದೆ. ಸಮುದ್ರದ ನೀರು ನುಗ್ಗಿ ಮೂವತ್ತು ಚೀಲ ಕಪ್ಪಾಗಿ ಹೋದರೆ ಅದು ಸಹಜ ಕೊರತೆಯಲ್ಲ. ಆ ಚೀಲಗಳ ಪಾಲಿನ ವೆಚ್ಚವನ್ನು ದಾಸ್ತಾನಿನಿಂದ ತೆಗೆದು ನಷ್ಟವೆಂದು ಬರೆಯಬೇಕು. ವಿಮೆಯ ಹಣ ಬಂದರೆ ಅದು ಬೇರೆಯಾಗಿ ಆ ನಷ್ಟಕ್ಕೆ ಎದುರಾಗಿ ನಿಲ್ಲುತ್ತದೆ. ಇನ್ನು ಬೀಜ ಒಡೆದು ನೋಡಿದಾಗ ಔಟ್‌ಟರ್ನ್ ಕರಾರಿಗಿಂತ ಕಡಿಮೆ ಬಂದು, ಮಾರಾಟಗಾರ ಬೆಲೆ ಇಳಿಸಿ ಕ್ರೆಡಿಟ್ ನೋಟ್ ಕೊಟ್ಟರೆ, ಅದು ಆದಾಯವಲ್ಲ. ಖರೀದಿ ಬೆಲೆಯಿಂದ ಕಳೆಯಬೇಕಾದದ್ದು. ಬಂದರಿನಲ್ಲಿ ಕಟ್ಟಿದ ಸುಂಕ ಮಾತ್ರ ಅದರಿಂದಾಗಿ ತಾನಾಗಿ ಇಳಿಯುವುದಿಲ್ಲ.

ಕಾಗದದ ಮೇಲೆ ಇಷ್ಟು ಸಲೀಸಾಗಿ ಕೂಡುವ ಲೆಕ್ಕ ಕಚೇರಿಯಲ್ಲಿ ತಪ್ಪುವುದು ಹೆಚ್ಚಾಗಿ ಸಮಯದ ಕಾರಣದಿಂದ. ಬೀಜ ಮಾರ್ಚ್ 26ಕ್ಕೆ ಗೋದಾಮಿಗೆ ಬರುತ್ತದೆ, ಏಜೆಂಟರ ಬಿಲ್ಲು ಏಪ್ರಿಲ್ ಎರಡನೇ ವಾರ. ಅಷ್ಟರಲ್ಲಿ ವರ್ಷದ ಪುಸ್ತಕ ಮುಗಿದಿರುತ್ತದೆ. ಬಿಲ್ಲು ಬರಲಿಲ್ಲವೆಂದು 2,50,000 ರೂಪಾಯಿಯನ್ನು ಬಿಟ್ಟರೆ ಗೋದಾಮಿನಲ್ಲಿರುವ ಬೀಜದ ಬೆಲೆಯೂ ಕಡಿಮೆ, ಕೊಡಬೇಕಾದ ಸಾಲವೂ ಕಡಿಮೆ. ಹಿಂದಿನ ಬಿಲ್ಲುಗಳನ್ನು ನೋಡಿ ಅಂದಾಜು ಮೊತ್ತವನ್ನು ಮಾರ್ಚ್ 31ರೊಳಗೇ ಬರೆದಿಟ್ಟು, ಬಿಲ್ಲು ಬಂದ ಮೇಲೆ ಹೆಚ್ಚುಕಡಿಮೆಯನ್ನು ಸರಿಪಡಿಸಬೇಕು. ಅಂದು ಹಡಗು ಇನ್ನೂ ಸಮುದ್ರದಲ್ಲಿದ್ದರೆ? ಸಿಐಎಫ್ ಕರಾರಿನ ಮಾಲು ಆಗಲೇ ಕೊಂಡವನದು. ಅದು ‘ದಾರಿಯಲ್ಲಿರುವ ಸರಕು’ ಎಂದು ದಾಸ್ತಾನಿನಲ್ಲಿ ಕಾಣಬೇಕು; ಆದರೆ ಸುಂಕ, ಬಂದರು ಖರ್ಚು ಇನ್ನೂ ಹುಟ್ಟಿಲ್ಲವಾದ್ದರಿಂದ ಖರೀದಿ ಬೆಲೆಯಲ್ಲಿ ಮಾತ್ರ.

ಒಂದೇ ಕನ್‌ಸೈನ್‌ಮೆಂಟಿನಲ್ಲಿ ಎರಡು ಬಗೆಯ ಮಾಲು ಬಂದಾಗ ಖರ್ಚನ್ನು ಹಂಚುವ ಪ್ರಶ್ನೆ ಬರುತ್ತದೆ. ಸುಂಕ ಮೌಲ್ಯದ ಮೇಲೆ ಬೀಳುವುದರಿಂದ ಅದನ್ನು ಆಯಾ ಮಾಲಿನ ಸುಂಕದಂತೆಯೇ ಹಾಕಬೇಕು. ಲಾರಿ ಬಾಡಿಗೆ, ಇಳಿಸುವ ಕೂಲಿ ತೂಕದ ಮೇಲೆ ಬೀಳುತ್ತವೆ, ತೂಕದಂತೆ ಹಂಚಿಕೆ. ಟ್ಯಾಲಿಯಂಥ ತಂತ್ರಾಂಶಗಳಲ್ಲಿ ಖರೀದಿಯ ಮೇಲಿನ ಹೆಚ್ಚುವರಿ ಖರ್ಚನ್ನು ಪ್ರಮಾಣದಂತೆಯೋ ಮೌಲ್ಯದಂತೆಯೋ ಹಂಚುವ ಸೌಲಭ್ಯವಿದೆ. ಅದನ್ನು ಒಮ್ಮೆ ಚಾಲೂ ಮಾಡದಿದ್ದರೆ ಸುಂಕ, ಕ್ಲಿಯರಿಂಗ್, ಬಾಡಿಗೆ ಎಲ್ಲ ಸೀದಾ ಖರ್ಚಿನ ಖಾತೆಗೆ ಹೋಗುತ್ತವೆ, ದಾಸ್ತಾನಿನ ಪಟ್ಟಿ ಮಾತ್ರ ಇನ್‌ವಾಯ್ಸಿನ ದರದಲ್ಲೇ ನಿಲ್ಲುತ್ತದೆ.

ತಪ್ಪಾಗಿದೆಯೇ ಎಂದು ಹೊರಗಿನಿಂದಲೇ ಗುರುತಿಸುವುದು ಕಷ್ಟವಲ್ಲ. ದಾಸ್ತಾನಿನ ಪಟ್ಟಿಯ ಕಿಲೋ ದರ ಇನ್‌ವಾಯ್ಸಿನ ದರಕ್ಕೆ ಪೈಸೆ ತಪ್ಪದೆ ಸಮವಾಗಿದ್ದರೆ ಏನೂ ಸೇರಿಲ್ಲ ಎಂದರ್ಥ. ಅಂತರ ಸುಮಾರು ಹದಿನಾಲ್ಕು ಹದಿನೈದು ರೂಪಾಯಿಯಿದ್ದರೆ ಐಜಿಎಸ್‌ಟಿಯೂ ಒಳಗೆ ನುಸುಳಿರಬಹುದು. ನಮ್ಮ ಉದಾಹರಣೆಯಲ್ಲಿ ಅದೊಂದೇ ಕಿಲೋಗೆ ಆರು ರೂಪಾಯಿ ಅರವತ್ತೆರಡು ಪೈಸೆ. ಒಂದೇ ಬೆಲೆಗೆ ಕೊಂಡ ಎರಡು ಹಡಗಿನ ಮಾಲಿನಲ್ಲಿ ಒಂದಕ್ಕೆ ಮಾತ್ರ ಕಿಲೋಗೆ ಎರಡೂವರೆ ರೂಪಾಯಿಯಷ್ಟು ಹೆಚ್ಚು ಬಿದ್ದಿದ್ದರೆ, ಆ ಹಡಗಿನ ಏಜೆಂಟರ ಬಿಲ್ಲನ್ನು ತೆಗೆದು ಡೆಮರೇಜಿನ ಸಾಲನ್ನು ಹುಡುಕಬೇಕು.

ಇಷ್ಟೆಲ್ಲ ಸರಿಯಾಗಿ ಕೂಡಿಸಿದ ವೆಚ್ಚಕ್ಕೂ ಒಂದು ಮೇಲ್ಮಿತಿಯಿದೆ. ವರ್ಷದ ಕೊನೆಯಲ್ಲಿ ದಾಸ್ತಾನನ್ನು ವೆಚ್ಚ ಅಥವಾ ಮಾರಿದರೆ ನಿವ್ವಳವಾಗಿ ಕೈಗೆ ಬರುವ ಬೆಲೆ, ಇವೆರಡರಲ್ಲಿ ಕಡಿಮೆಯದರಲ್ಲಿ ತೋರಿಸಬೇಕು. ಆದರೆ ಕಚ್ಚಾಮಾಲಿಗೆ ಒಂದು ವಿನಾಯಿತಿ ಉಂಟು. ಹಸಿ ಬೀಜದ ಪೇಟೆ ದರ 134ರಿಂದ 120ಕ್ಕೆ ಇಳಿದಿದ್ದರೂ, ಅದರಿಂದಾಗುವ ತಿರುಳು ತನ್ನ ಪೂರ್ಣ ವೆಚ್ಚಕ್ಕೆ ಅಥವಾ ಅದಕ್ಕಿಂತ ಹೆಚ್ಚಿಗೆ ಮಾರಾಟವಾಗುವಂತಿದ್ದರೆ ಬೀಜದ ಬೆಲೆಯನ್ನು ಇಳಿಸಬೇಕಾಗಿಲ್ಲ. ತಿರುಳೇ ವೆಚ್ಚಕ್ಕಿಂತ ಕಡಿಮೆಗೆ ಹೋಗುವಂತಿದ್ದರೆ ಮಾತ್ರ ಇಳಿಸಬೇಕು. ಆಗ ಬೀಜದ ಪೇಟೆ ದರವೇ ಸಾಮಾನ್ಯವಾಗಿ ಆಧಾರ. ತಿರುಳಿನ ಪೂರ್ಣ ವೆಚ್ಚ ಎಷ್ಟೆಂದು ತಿಳಿಯಲು ಮತ್ತೆ ಆ 496 ರೂಪಾಯಿಯಿಂದಲೇ ಶುರುಮಾಡಬೇಕು, 467ರಿಂದ ಅಲ್ಲ.